‘ಬೇಸಿಗೆ’ ಎಂದು ಸನ್ನೆ ಮಾಡಿದರೆ ‘ಕುರೂಪ’ ಎಂದು ಓದುತ್ತಾರೆ

"ಅಮೆರಿಕನ್ ಸನ್ನೆಭಾಷೆ ಕಲಿಯುತ್ತಿದ್ದೇನೆ. ‘ಬೇಸಿಗೆ’ ಅಂದರೆ ಎದುರಿನವರಿಗೆ ‘ಕುರೂಪ’ ಅನ್ನಿಸುತ್ತದೆ. ಬೆರಳು ಸರಿಯಾಗಿಯೇ ಇದೆ. ಎಲ್ಲಿ ತಪ್ಪುತ್ತಿದೆ?"

ಹೆಚ್ಚಾಗಿ ಜಾಗ ತಪ್ಪುತ್ತಿದೆ, ಬೆರಳಲ್ಲ. ನೀವು ಮಾಡುವುದನ್ನು ನೋಡದೆ ಇದನ್ನು ಖಚಿತವಾಗಿ ಹೇಳಲಾರೆ.

ಎರಡಕ್ಕೂ ಕೈಯ ಆಕಾರ ಒಂದೇ, ಚಲನೆಯೂ ಒಂದೇ: ಚಾಚಿದ ತೋರುಬೆರಳನ್ನು ಅಡ್ಡಲಾಗಿ ಎಳೆಯುತ್ತ ಕೊಕ್ಕೆಯಂತೆ ಮಡಿಸುವುದು. ಹಣೆಯ ಮೇಲೆ ಎಳೆದರೆ ‘ಬೇಸಿಗೆ’, ಮೂಗಿನ ಕೆಳಗೆ ‘ಕುರೂಪ’, ಗದ್ದದ ಮೇಲೆ ‘ಒಣಗಿದ’. ಕನ್ನಡದ ‘ಕಲ್ಲು, ಹಲ್ಲು’ಗಳಲ್ಲಿ ಒಂದೇ ವ್ಯಂಜನ ಅರ್ಥ ಬದಲಿಸುವ ಹಾಗೆ ಇಲ್ಲಿ ಜಾಗವೇ ಅರ್ಥ ಬದಲಿಸುತ್ತದೆ.

ಮೊದಲು ಮೊಬೈಲನ್ನು ಮುಖದ ಎತ್ತರಕ್ಕಿಟ್ಟು ನಿಮ್ಮ ಮಾಮೂಲಿ ವೇಗದಲ್ಲೇ ‘ಬೇಸಿಗೆ’ ಇರುವ ಒಂದು ಪೂರ್ತಿ ವಾಕ್ಯ ಚಿತ್ರೀಕರಿಸಿ. ಬಿಡಿಯಾಗಿ ಮಾಡಿದರೆ ತಪ್ಪು ಸಿಕ್ಕುವುದಿಲ್ಲ, ಅವಸರದಲ್ಲೇ ಕೈ ಕೆಳಗಿಳಿಯುವುದು. ಬೆರಳು ಎಳೆಯಲು ಶುರುವಾಗುವ ಚಿತ್ರದಲ್ಲಿ ನಿಲ್ಲಿಸಿ ನೋಡಿ. ಅದು ಹುಬ್ಬಿಗಿಂತ ಕೆಳಗಿದ್ದರೆ ಕಾರಣ ಸಿಕ್ಕಿತು. ಆಮೇಲೆ ಮೂರೂ ಸನ್ನೆಗಳನ್ನು ಹಣೆ, ಮೂಗು, ಗದ್ದ ಎಂದು ನಿಧಾನವಾಗಿ ಸಾಲಾಗಿ ಮಾಡಿ, ಮತ್ತೆ ಅದೇ ವಾಕ್ಯಕ್ಕೆ ಬನ್ನಿ.

ಜಾಗ ಸರಿಯಿದ್ದರೆ ಮುಖ ನೋಡಿಕೊಳ್ಳಿ. ಗಮನವಿಟ್ಟು ಮಾಡುವಾಗ ಮುಖ ಸಿಂಡರಿಸಿದರೆ ಅದೂ ‘ಕುರೂಪ’ದ ಕಡೆಗೇ ಎಳೆಯುತ್ತದೆ. ಎಡಗೈಯಲ್ಲಿ ಮಾಡಿದರೆ ಚಿಂತೆಯಿಲ್ಲ, ಅದರಿಂದ ಅರ್ಥ ಬದಲಾಗದು.