ಎರಡನೇ ಪ್ರಶ್ನೆಗೆ ನಿಂತುಹೋಗುವ ಇಂಗ್ಲಿಷು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಂದರ್ಶನದ ಇಂಗ್ಲಿಷಿಗೆ ತಯಾರಾಗಲು ನಮ್ಮ ಬಳಿ ಬಂದವರು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ 23 ವರ್ಷದ ಯುವತಿ. ಮನೆಮಾತು ಅರೆಭಾಷೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಲೆಕ್ಕಪತ್ರ ವಿಭಾಗದ ಕೆಲಸಕ್ಕೆಂದು ಹೋದ ಮೂರು ಸಂದರ್ಶನಗಳಲ್ಲೂ ಆಯ್ಕೆಯಾಗಿರಲಿಲ್ಲ. "ಸೆಲ್ಫ್ ಇಂಟ್ರೊಡಕ್ಷನ್ ಚೆನ್ನಾಗೇ ಹೇಳ್ತೇನೆ ಮೇಡಂ. ಎರಡನೇ ಪ್ರಶ್ನೆ ಕೇಳಿದ ಕೂಡಲೇ ಬಾಯೇ ಬರೋದಿಲ್ಲ" ಎಂದರು.

ಅಣಕು ಸಂದರ್ಶನ ಮಾಡಿ ನೋಡಿದೆವು. ಪರಿಚಯದ ಮಾತು ಒಂದು ನಿಮಿಷ ಎಲ್ಲೂ ತಡವರಿಸದೆ ಬಂತು. ಅದು ಬಾಯಿಪಾಠ. "ವಾಟ್ ಡಸ್ ಯುವರ್ ಫಾದರ್ ಡು?" ಎಂದಾಗ ದೀರ್ಘ ಮೌನ, ಆಮೇಲೆ "ಮೈ ಫಾದರ್ ಫಾರ್ಮರ್". ಪದವಿ ಮುಗಿದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಉತ್ತರವೇ ಇಲ್ಲ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆವು. ಎರಡು ಕೊಯ್ಲಿನ ಕಾಲ ಹತ್ತಿರದ ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡಿದ್ದರು. ಹಾಜರಿ ಹಾಕುವುದು, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರೆಂದು ಬರೆಯುವುದು, ಮುಂಗಡ ಕಳೆದು ವಾರದ ಬಟವಾಡೆ ಲೆಕ್ಕ ಹಾಕುವುದು. "ತೋಟದ ಕೆಲಸ, ಅದನ್ನೆಲ್ಲ ಏನು ಹೇಳೋದು ಅಂತ ಬಿಟ್ಟೆ" ಎಂದರು. ಲೆಕ್ಕದ ಹುದ್ದೆಗೆ ಇದಕ್ಕಿಂತ ನೇರವಾದ ಅನುಭವ ಬೇಕಿಲ್ಲ. ಹೇಳಬೇಕಾದದ್ದು ಅವರ ಬಳಿ ಇತ್ತು, ಅದನ್ನು ಹೇಳುವ ದಾರಿ ಇರಲಿಲ್ಲ.

ತಡವಾಗುತ್ತಿದ್ದುದಕ್ಕೆ ಕಾರಣ ಪದಗಳ ಕೊರತೆಯಲ್ಲ. ಅವರು ಇಡೀ ವಾಕ್ಯವನ್ನು ಮೊದಲು ಕನ್ನಡದಲ್ಲಿ ಕಟ್ಟಿ, ನಂತರ ತಿರುಗಿಸುತ್ತಿದ್ದರು. ಕನ್ನಡ, ಅರೆಭಾಷೆ, ಕೊಡವ ತಕ್ಕ್ ಮೂರರಲ್ಲೂ ಕ್ರಿಯಾಪದ ಬರುವುದು ಕೊನೆಗೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರಬೇಕು. ಹಾಗಾಗಿ ಕನ್ನಡದ ವಾಕ್ಯ ಪೂರ್ತಿ ಮುಗಿಯುವವರೆಗೆ ಇಂಗ್ಲಿಷಿನ ಎರಡನೇ ಪದವೇ ಸಿಗುವುದಿಲ್ಲ. ಅವರದೇ ವಾಕ್ಯವನ್ನು ಹಾಳೆಯ ಮೇಲೆ ತುಂಡು ಮಾಡಿ ತೋರಿಸಿದೆವು:

ಕೊಯ್ಲಿನ ಸಮಯದಲ್ಲಿ / ಹನ್ನೆರಡು ಜನರ / ಕೂಲಿ ಪುಸ್ತಕ / ಬರೆಯುತ್ತಿದ್ದೆ.

ಐ ಮೇಂಟೇನ್ಡ್ / ದ ವೇಜ್ ರಿಜಿಸ್ಟರ್ / ಫಾರ್ ಟ್ವೆಲ್ವ್ ವರ್ಕರ್ಸ್ / ಡ್ಯೂರಿಂಗ್ ದ ಹಾರ್ವೆಸ್ಟ್.

ಒಂದು ಇನ್ನೊಂದರ ತಿರುವುಮುರುವು. ಆದ್ದರಿಂದ ಕೊಟ್ಟ ಅಭ್ಯಾಸವೂ ಅದೇ: ಮೊದಲು "ಯಾರು, ಏನು ಮಾಡಿದರು" ಎಂಬ ತುಂಡನ್ನಷ್ಟೇ ಬಾಯಿಬಿಟ್ಟು ಹೇಳುವುದು. ಉಳಿದದ್ದನ್ನು ಯೋಚಿಸುತ್ತ ಒಂದೊಂದಾಗಿ ಸೇರಿಸುವುದು. ಎರಡು ತುಂಡಿಗೇ ನಿಲ್ಲಿಸಿದರೂ ವಾಕ್ಯ ಪೂರ್ಣವಾಗಿರುತ್ತದೆ, ಇದು ತುಂಬ ಧೈರ್ಯ ಕೊಡುವ ಸಂಗತಿ. ದಿನಕ್ಕೆ 20 ನಿಮಿಷ, ಆ ದಿನ ನಿಜವಾಗಿ ಮಾಡಿದ ಕೆಲಸದ ಬಗ್ಗೆ ಹತ್ತು ವಾಕ್ಯ. ಬರೆದುಕೊಳ್ಳುವಂತಿಲ್ಲ; ಬರೆದರೆ ಅದು ಮತ್ತೆ ಬಾಯಿಪಾಠವಾಗುತ್ತದೆ. ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಒಮ್ಮೆ ಕೇಳಿ, ಅದೇ ವಿಷಯವನ್ನು ಇನ್ನೊಮ್ಮೆ ಹೇಳಬೇಕು.

ತಪ್ಪುಗಳನ್ನು ವಾರಕ್ಕೆ ಒಂದರಂತೆ ಮಾತ್ರ ತಿದ್ದಿದೆವು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮಾತು ಮತ್ತೆ ನಿಲ್ಲುತ್ತದೆ. ಮೊದಲ ವಾರ "ಈಸ್". "ನನ್ನ ತಂದೆ ರೈತರು" ಎಂಬಲ್ಲಿ ಕ್ರಿಯಾಪದವೇ ಇಲ್ಲ, ಅದಕ್ಕೇ ಇಂಗ್ಲಿಷಿನಲ್ಲೂ ಬಿಟ್ಟುಹೋಗುತ್ತದೆ. ಅದನ್ನು ಸೇರಿಸಲು ಕಲಿತ ಕೂಡಲೇ "ಐ ಆಮ್ ಕಂಪ್ಲೀಟೆಡ್ ಬಿ.ಕಾಂ." ಎಂದು ಬೇಡದ ಕಡೆಯೂ ತುರುಕತೊಡಗಿದರು. ಇದು ಬಹಳ ಜನರಲ್ಲಿ ಕಾಣುವ ಹಂತ. ಮಾಡಿದ ಕೆಲಸ ಹೇಳುವಾಗ "ಐ ಕಂಪ್ಲೀಟೆಡ್" ಸಾಕು ಎಂದು ತಿಳಿಸಿದೆವು. ಎರಡನೇ ವಾರ "ಐ ಡಿಡ್ ನಾಟ್ ವೆಂಟ್". ಇದಕ್ಕೆ ಕನ್ನಡವೇ ಒಳ್ಳೆಯ ಮೇಷ್ಟ್ರು. "ಹೋದೆ" ಎನ್ನುತ್ತೇವೆ, ಆದರೆ "ಹೋದಲಿಲ್ಲ" ಎನ್ನುವುದಿಲ್ಲ, "ಹೋಗಲಿಲ್ಲ" ಎನ್ನುತ್ತೇವೆ. "ಡಿಡ್ ನಾಟ್" ಬಂದಾಗ "ವೆಂಟ್" ಕೂಡ ಹಾಗೆಯೇ "ಗೋ" ಎಂಬ ಮೂಲರೂಪಕ್ಕೆ ಮರಳುತ್ತದೆ. ಒಮ್ಮೆ ಹೇಳಿದ್ದಕ್ಕೆ ಆಕೆ ಮತ್ತೆ ತಪ್ಪಲಿಲ್ಲ.

ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನಿರುವುದು ಅವರ ರೂಢಿ. ಮೊದಲ ಬಾರಿಗೆ "ಕುಡ್ ಯು ಪ್ಲೀಸ್ ರಿಪೀಟ್ ದಟ್?" ಎನ್ನಿ ಎಂದೆವು. ಎರಡನೇ ಬಾರಿಯೂ ತಿಳಿಯದಿದ್ದರೆ ಅದನ್ನೇ ಹೇಳದೆ, ಕಿವಿಗೆ ಬಿದ್ದ ಒಂದು ಪದವನ್ನಾದರೂ ಹಿಡಿದು "ಆರ್ ಯು ಆಸ್ಕಿಂಗ್ ಅಬೌಟ್ ದ ವೇಜ್ ರಿಜಿಸ್ಟರ್?" ಎಂದು ಕೇಳಬೇಕು. ಆಗ ಎದುರಿನವರು ಸಾಮಾನ್ಯವಾಗಿ ಪ್ರಶ್ನೆಯನ್ನು ಸರಳ ಮಾಡುತ್ತಾರೆ.

ಆರನೇ ವಾರದ ಅಣಕು ಸಂದರ್ಶನದಲ್ಲಿ, ಮೊದಲೇ ತಿಳಿಸದ ಪ್ರಶ್ನೆ ಕೇಳಿದೆವು: ತೂಕದ ಬಗ್ಗೆ ಕಾರ್ಮಿಕರು ತಕರಾರು ತೆಗೆದರೆ ಏನು ಮಾಡುತ್ತಿದ್ದಿರಿ? ಸ್ವಲ್ಪ ತಡೆದು, "ಐ ವೇಡ್ ದ ಬ್ಯಾಗ್ ಅಗೇನ್... ಇನ್ ಫ್ರಂಟ್ ಆಫ್ ದೆಮ್... ಐ ಶೋಡ್ ದ ಬುಕ್" ಎಂದರು. ತುಂಡು ತುಂಡಾಗಿದ್ದರೂ ಪೂರ್ಣ ಉತ್ತರ. ಲೆಕ್ಕಪತ್ರದ ಕೆಲಸಕ್ಕೆ ಇಷ್ಟು ಸಾಕು. ದಿನವಿಡೀ ಫೋನಿನಲ್ಲಿ ಇಂಗ್ಲಿಷ್ ಆಡಬೇಕಾದ ಕಾಲ್ ಸೆಂಟರ್ ಕೆಲಸಕ್ಕೆ ಆರು ವಾರ ಸಾಲದು. ಸದ್ಯ ಅಂಥವಕ್ಕೆ ಅರ್ಜಿ ಹಾಕಬೇಡಿ ಎಂದು ನೇರವಾಗಿಯೇ ಹೇಳಿದೆವು.

ಮುಂದಿನ ಸಂದರ್ಶನದ ಮೊದಲ ಸುತ್ತು ಫೋನಿನಲ್ಲಿತ್ತು, ಅದೂ ಜುಲೈನಲ್ಲಿ. ಅವರ ಊರಿನಲ್ಲಿ ಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಕರೆಯ ಸಮಯವನ್ನು ಮೊದಲೇ ನಿಗದಿ ಮಾಡಿಕೊಂಡು, ಆ ಹೊತ್ತಿಗೆ ಸೋಮವಾರಪೇಟೆ ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಗೆ ಬಂದು ಕುಳಿತುಕೊಳ್ಳಲು ಸೂಚಿಸಿದೆವು.