ಅರಬ್ಬಿ ನೀರಿನ ಬಿಲ್‌ನಲ್ಲಿ ಮೊದಲು ನೋಡಬೇಕಾದದ್ದು ಮೀಟರ್ ರೀಡಿಂಗ್ ಅಲ್ಲ

ಪ್ರಶ್ನೆ: ಜಿದ್ದಾದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಪ್ರತಿ ತಿಂಗಳು ನೀರಿನ ಬಿಲ್‌ನ ಫೋಟೋ ಕಳಿಸಿ ನನ್ನ ಪಾಲು ಕೇಳುತ್ತಾರೆ. ಎಲ್ಲವೂ ಅರಬ್ಬಿಯಲ್ಲಿದೆ. ದರದ ಹಂತ, ರೀಡಿಂಗ್, ಕೊನೆಯ ದಿನ ಒಂದೂ ಅರ್ಥವಾಗುವುದಿಲ್ಲ. ಫೋಟೋವನ್ನು ಸರಿಯಾಗಿ ಅನುವಾದಿಸುವ ಆ್ಯಪ್ ಯಾವುದು?

ಆ್ಯಪ್ ಹುಡುಕುವುದನ್ನು ಬಿಡಿ. ಅನುವಾದ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ದುಡ್ಡು ಉಳಿಯುವುದಿಲ್ಲ. ನನ್ನ ಬಳಿ ಬಿಲ್‌ನ ಪ್ರತಿ ಸಾಲಿನ ಅರ್ಥವೂ ಇತ್ತು, ಆದರೂ ತಿಂಗಳುಗಟ್ಟಲೆ ಹಲವು ಪಟ್ಟು ಹೆಚ್ಚು ಕಟ್ಟಿದೆ.

ನಾನಿದ್ದದ್ದು ಅಜೀಜಿಯಾದಲ್ಲಿ, ನಾಲ್ಕು ಮನೆಗಳ ಒಂದು ಕಟ್ಟಡದಲ್ಲಿ. ಕರೆಂಟಿಗೆ ನಾಲ್ಕು ಮೀಟರ್, ನೀರಿಗೆ ಮಾತ್ರ ಒಂದೇ. ಕಟ್ಟಡ ನೋಡಿಕೊಳ್ಳುತ್ತಿದ್ದ ಹಾರಿಸ್ ವಾಟ್ಸಾಪ್‌ನಲ್ಲಿ ಬಿಲ್‌ನ ಫೋಟೋ ಹಾಕುತ್ತಿದ್ದ. ನಾವು ನಾಲ್ಕು ಪಾಲು ಮಾಡಿ ಕೊಡುತ್ತಿದ್ದೆವು. ಒಂದೊಂದು ಮನೆಗೆ ಇನ್ನೂರು ರಿಯಾಲ್‌ಗೂ ಮೇಲೆ ಬರತೊಡಗಿದಾಗ ನನಗೆ ಅನುಮಾನ ಬಂತು. ಸೋರಿಕೆ ಇರಬೇಕು, ಇಲ್ಲವೇ ರೀಡಿಂಗ್ ತಪ್ಪಿರಬೇಕು ಎಂದುಕೊಂಡೆ.

ಗೇಟಿನ ಪಕ್ಕದ ಗೋಡೆಯಲ್ಲಿದ್ದ ಮೀಟರ್‌ನ ಮುಚ್ಚಳ ತೆಗೆದು ನೋಡಿದೆ. ಕಪ್ಪು ಅಂಕಿಗಳು ಘನ ಮೀಟರ್, ಅಂದರೆ ಒಂದೊಂದಕ್ಕೆ ಸಾವಿರ ಲೀಟರ್. ಕೆಂಪು ಅಂಕಿಗಳು ಅದರ ಭಾಗಗಳು, ಬಿಲ್‌ಗೆ ಬೇಕಾಗುವುದಿಲ್ಲ. ಬಿಲ್‌ನ ಹಾಲಿ ರೀಡಿಂಗ್‌ನಲ್ಲಿ ಹಿಂದಿನದನ್ನು ಕಳೆದೆ. ಲೆಕ್ಕ ಸರಿಯಾಗಿ ಕೂಡಿತು. ರೀಡಿಂಗ್ ಅಂದಾಜಿನದಲ್ಲ, ನಿಜವಾಗಿ ನೋಡಿ ಬರೆದದ್ದು ಎಂಬುದೂ ಅದರಲ್ಲೇ ಇತ್ತು. ಇನ್ನೇನು ಬೇಕು? ಬಿಲ್ ಸರಿ ಎಂದು ತೀರ್ಮಾನಿಸಿ ಕಟ್ಟುತ್ತಲೇ ಹೋದೆ. ಅಲ್ಲೇ ನಾನು ಎಡವಿದ್ದು. ಕಳೆಯುವ ಲೆಕ್ಕ ಸರಿ ಬಂದ ಮಾತ್ರಕ್ಕೆ ಬಿಲ್ ಸರಿಯಾಗುವುದಿಲ್ಲ. ರೀಡಿಂಗ್ ಹೇಳುವುದು ಎಷ್ಟು ನೀರು ಹರಿಯಿತು ಎಂದಷ್ಟೇ. ಆ ನೀರನ್ನು ಎಷ್ಟು ಮನೆಗಳ ಲೆಕ್ಕಕ್ಕೆ ಹಂಚಿ ದರ ಹಾಕಿದರು ಎಂಬುದು ಬೇರೊಂದು ಸಾಲಿನಲ್ಲಿರುತ್ತದೆ. ಆ ಸಾಲನ್ನು ನಾನು ಓದಿದ್ದೆ, ಅರ್ಥವೂ ಗೊತ್ತಿತ್ತು. ಅದರಿಂದ ಹಣ ಹೆಚ್ಚಾಗಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ವಿಳಾಸದಂತೆ ಅದೂ ಒಂದು ವಿವರ ಎಂದುಕೊಂಡು ದಾಟಿ ಹೋಗಿದ್ದೆ.

ನಮ್ಮ ಬೀದಿಯಲ್ಲಿ ಬಕಾಲಾ ನಡೆಸುತ್ತಿದ್ದ ಭಟ್ಕಳದ ಹಿರಿಯರೊಬ್ಬರು ಒಂದು ಸಂಜೆ ನನ್ನ ಮೊಬೈಲ್ ತೆಗೆದುಕೊಂಡು ಫೋಟೋ ನೋಡಿದರು. "ನಿಮ್ಮ ಕಟ್ಟಡದಲ್ಲಿ ಮನೆ ಎಷ್ಟು?" ಎಂದರು. ನಾಲ್ಕು ಎಂದೆ. "ಇದರಲ್ಲಿ ಒಂದು ಎಂದಿದೆಯಲ್ಲ ಭಾಯ್" ಎಂದು ಬೆರಳಿಟ್ಟು ತೋರಿಸಿದರು.

ನಿಮ್ಮ ಫೋಟೋದಲ್ಲಿ ಹುಡುಕಬೇಕಾದದ್ದು ಇದನ್ನೇ: عدد الوحدات. ಮೀಟರ್‌ಗೆ ಸೇರಿದ ಮನೆಗಳ ಸಂಖ್ಯೆ ಅಲ್ಲಿರುತ್ತದೆ. ಸೌದಿಯಲ್ಲಿ ನೀರಿನ ದರದ ಹಂತಗಳು ಕಟ್ಟಡಕ್ಕಲ್ಲ, ಒಂದೊಂದು ಮನೆಗೆ. ನಾನಿದ್ದ ಕಾಲದ ದರ ಹೀಗಿತ್ತು: ತಿಂಗಳಿಗೆ ಮೊದಲ 15 ಘನ ಮೀಟರ್‌ಗೆ ತಲಾ 10 ಹಲಾಲ, ನಂತರದ 15ಕ್ಕೆ 1 ರಿಯಾಲ್, ಮುಂದಿನ 15ಕ್ಕೆ 3, ಅದರ ಮುಂದಿನ 15ಕ್ಕೆ 4, 60 ದಾಟಿದ ಮೇಲೆ 6 ರಿಯಾಲ್. ಒಳಚರಂಡಿ ಇದ್ದರೆ ಇದರ ಅರ್ಧದಷ್ಟು ಮೇಲೆ ಸೇರುತ್ತದೆ. ಮೊದಲ ಹಂತಕ್ಕೂ ಕೊನೆಯ ಹಂತಕ್ಕೂ ಅರವತ್ತು ಪಟ್ಟು ಅಂತರ. 2016ರಲ್ಲಿ ಈ ದರಗಳ ವಿರುದ್ಧ ಎಷ್ಟು ಕೂಗೆದ್ದಿತೆಂದರೆ ಜಲ ಸಚಿವರನ್ನೇ ಹುದ್ದೆಯಿಂದ ತೆಗೆದರು.

ಈಗ ನಮ್ಮ ಕಟ್ಟಡದ ಲೆಕ್ಕ ನೋಡಿ. ಒಂದು ತಿಂಗಳು 120 ಘನ ಮೀಟರ್ ಬಂದಿತ್ತು. ನಾಲ್ಕು ಮನೆ ಎಂದು ದಾಖಲಾಗಿದ್ದರೆ ಪ್ರತಿ ಹಂತವೂ ನಾಲ್ಕು ಪಟ್ಟು ಅಗಲವಾಗುತ್ತದೆ. ಮೊದಲ 60ಕ್ಕೆ 6 ರಿಯಾಲ್, ಉಳಿದ 60ಕ್ಕೆ 60 ರಿಯಾಲ್, ಒಟ್ಟು 66. ಒಳಚರಂಡಿಯ 33 ಸೇರಿ 99. ಅದರ ಮೇಲೆ ಶೇ. 15 ವ್ಯಾಟ್ ಹಾಕಿದರೆ 113.85 ರಿಯಾಲ್. ಒಂದೇ ಮನೆ ಎಂದಿದ್ದರೆ? ಮೊದಲ ನಾಲ್ಕು ಹಂತಗಳು 60 ಘನ ಮೀಟರ್‌ಗೇ ಮುಗಿದು 121.50 ಆಗುತ್ತದೆ. ಉಳಿದ 60ಕ್ಕೂ 6 ರಿಯಾಲ್‌ನಂತೆ 360. ಒಟ್ಟು 481.50, ಒಳಚರಂಡಿ ಸೇರಿ 722.25, ವ್ಯಾಟ್ ಸೇರಿ 830.59. ನೀರು ಅದೇ, ಮೀಟರ್ ಅದೇ, ರೀಡಿಂಗ್ ಅದೇ. ಮನೆಗೆ 28 ರಿಯಾಲ್ ಆಗಬೇಕಾದಲ್ಲಿ ನಾವು 208 ಕೊಡುತ್ತಿದ್ದೆವು.

ಮಾಲೀಕರು ಮೋಸ ಮಾಡಿರಲಿಲ್ಲ. ಮೊದಲು ಅವರ ಕುಟುಂಬವೊಂದೇ ಇದ್ದ ಮನೆಯದು. ಆಮೇಲೆ ಭಾಗ ಮಾಡಿ ಬಾಡಿಗೆಗೆ ಕೊಟ್ಟರು, ನೀರಿನ ಖಾತೆಯನ್ನು ಯಾರೂ ಬದಲಿಸಲಿಲ್ಲ. ಅದನ್ನು ಬಾಡಿಗೆದಾರ ತಿದ್ದಿಸಲಾಗುವುದಿಲ್ಲ, ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ನಾನು ಎರಡೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ಅವರ ಮುಂದಿಟ್ಟೆ. ನಾಲ್ಕು ಕರೆಂಟ್ ಮೀಟರ್‌ಗಳಿರುವುದನ್ನೂ ತೋರಿಸಿದೆ. ಅರ್ಜಿ ಹಾಕಿದರು, ಸಂಖ್ಯೆ ನಾಲ್ಕಾಯಿತು. ಹಿಂದೆ ಕಟ್ಟಿದ್ದು ನಮಗೆ ವಾಪಸ್ ಬರಲಿಲ್ಲ. ಆದ್ದರಿಂದಲೇ ಹೇಳುತ್ತೇನೆ, ಈ ತಿಂಗಳ ಪಾಲು ಕೊಡುವ ಮೊದಲೇ ಆ ಸಾಲನ್ನು ನೋಡಿ.

ಅಂಕಿಗಳನ್ನಂತೂ ನೀವೇ ಓದಲು ಕಲಿಯಬೇಕು, ಒಂದು ಸಂಜೆ ಸಾಕು. ಸಾಲು ಬಲದಿಂದ ಎಡಕ್ಕೆ ಹೋದರೂ ಒಂದು ಸಂಖ್ಯೆಯೊಳಗಿನ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ. ಕನ್ನಡದ ಕಣ್ಣಿಗೆ ಎರಡು ಕಡೆ ಮೋಸವಾಗುತ್ತದೆ. ಅವರ ಐದು, ٥, ನಮ್ಮ ಸೊನ್ನೆಯಂತೆ ಕಾಣುತ್ತದೆ. ಅವರ ಸೊನ್ನೆ, ٠, ಬರೀ ಚುಕ್ಕಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿದಾಗ ಆ ಚುಕ್ಕಿ ಮಾಯವಾಗಿ 120 ಎಂಬುದು 12 ಆಗಬಹುದು. ಫೋಟೋ ಬೇಡ, ಬಿಲ್‌ನ ಪಿಡಿಎಫ್ ಅನ್ನೇ ಕಳಿಸಿ ಎಂದು ಕೇಳಿ.

ದಿನಾಂಕದಲ್ಲಿ ವರ್ಷ 14ರಿಂದ ಶುರುವಾಗಿದ್ದರೆ ಅದು ಹಿಜರಿ. ಅಲ್ಲಿ 9ನೇ ತಿಂಗಳು ರಂಜಾನ್, ಸೆಪ್ಟೆಂಬರ್ ಅಲ್ಲ. ಕೊನೆಯ ದಿನವನ್ನು 20ರಿಂದ ಶುರುವಾಗುವ ವರ್ಷದ ದಿನಾಂಕದಲ್ಲೇ ನೋಡಿ.

ಮನೆಗಳ ಸಂಖ್ಯೆ ಸರಿಯಿದ್ದೂ ಬಿಲ್ ಜಾಸ್ತಿ ಇದ್ದರೆ ಮಾತ್ರ ಸೋರಿಕೆ ಹುಡುಕಿ. ಮನೆಯ ನಲ್ಲಿಗಳನ್ನು ಮುಚ್ಚಿ ಮೀಟರ್ ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೀಟರ್ ಇರುವುದು ನೆಲದಡಿಯ ಟ್ಯಾಂಕಿಗಿಂತ ಮುಂಚೆ. ನೀರು ಬಿಡುವ ದಿನ ಟ್ಯಾಂಕ್ ತುಂಬಿದ ಮೇಲೆ ಪಂಪ್ ನಿಲ್ಲಿಸಿ, ಹೋಗಿ ನೋಡಿ. ಆಗಲೂ ಕೆಂಪು ಅಂಕಿ ತಿರುಗುತ್ತಿದ್ದರೆ ಟ್ಯಾಂಕಿನ ಫ್ಲೋಟ್ ವಾಲ್ವ್ ಕೆಟ್ಟಿರಬಹುದು, ಇಲ್ಲವೇ ಟ್ಯಾಂಕ್ ಒಡೆದಿರಬಹುದು. ಅದನ್ನು ಸರಿಪಡಿಸುವ ಖರ್ಚು ಮಾಲೀಕರದ್ದು, ನಿಮ್ಮದಲ್ಲ.