35 ತೆಗೆದವರು ಫೇಲಾದವರ ಕಂಬದಲ್ಲಿ ಏಕೆ?

ಪ್ರಶ್ನೆ: ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಅಂಕಗಳನ್ನು ಎಕ್ಸೆಲ್‌ಗೆ ಹಾಕಿದ್ದೇನೆ. ಹಾಜರಿಯಲ್ಲಿ 42 ಮಕ್ಕಳು, ಇಬ್ಬರು ಗೈರು. ಪಾಸಿಗೆ 35. ಬಿನ್ ಕಾಲಂನಲ್ಲಿ 35, 50, 60, 85, 100 ಎಂದು ಬರೆದು FREQUENCY ಸೂತ್ರ ಹಾಕಿದರೆ ಮೊದಲ ಸಾಲಿಗೆ 9 ಬರುತ್ತದೆ. ಆದರೆ ಫೇಲಾದವರು ಆರೇ ಜನ. ಇನ್ನೊಂದು: ಪೋಷಕರ ಸಭೆಗೆ ಹಿಸ್ಟೋಗ್ರಾಂ ಬೇಕು. 60ರಿಂದ 85ರ ಕಂಬವೇ ಎಲ್ಲಕ್ಕಿಂತ ಎತ್ತರ ಕಾಣುತ್ತಿದೆ. ಮಕ್ಕಳ ಗುಂಪು ಹೆಚ್ಚು ದಟ್ಟವಾಗಿರುವುದು ಅಲ್ಲೇ ಎನ್ನಬಹುದೇ? ಅಂಕಪಟ್ಟಿ ಲಗತ್ತಿಸಿದ್ದೇನೆ.
— ಗಣಿತ ಶಿಕ್ಷಕಿ, ವಿಜಯನಗರ, ಬೆಂಗಳೂರು

ಉತ್ತರ: ಸೂತ್ರ ಸರಿಯಾಗಿಯೇ ಎಣಿಸಿದೆ ಮೇಡಂ. ನೀವು ಬರೆದ ಅಂಚನ್ನು ಅದು ಬೇರೆ ರೀತಿ ಓದಿಕೊಂಡಿದೆ, ಅಷ್ಟೇ. ನಮ್ಮ ಪಠ್ಯಪುಸ್ತಕದ ರೂಢಿಯಲ್ಲಿ 35–50 ಎಂಬ ವರ್ಗಾಂತರಕ್ಕೆ 35 ಸೇರುತ್ತದೆ, 50 ಮುಂದಿನದಕ್ಕೆ ಹೋಗುತ್ತದೆ. ಎಕ್ಸೆಲ್‌ನ FREQUENCY ಮಾಡುವುದು ಇದರ ತಿರುವುಮುರುವು. ಬಿನ್‌ನಲ್ಲಿ ಬರೆದ ಸಂಖ್ಯೆ ಅದರ ಪಾಲಿಗೆ ಮೇಲಿನ ಮಿತಿ, ಮತ್ತು ಆ ಸಂಖ್ಯೆಯೂ ಒಳಗೇ ಸೇರುತ್ತದೆ. 35 ಎಂದರೆ "35 ಅಥವಾ ಅದಕ್ಕಿಂತ ಕಡಿಮೆ". ನಿಮ್ಮ ಪಟ್ಟಿಯಲ್ಲಿ ಸರಿಯಾಗಿ 35 ತೆಗೆದವರು ಮೂವರಿದ್ದಾರೆ, ಆ ಮೂವರೂ ಆರು ಜನರ ಜೊತೆ ಸೇರಿ ಒಂಬತ್ತಾದರು. 50 ಮತ್ತು 60ರ ಗಡಿಯಲ್ಲಿ ತಲಾ ಒಬ್ಬರು ಹೀಗೆಯೇ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದಾರೆ. ಮೊತ್ತ 40 ಸರಿಯಾಗಿಯೇ ಬರುವುದರಿಂದ ಈ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಅಂಕಗಳು ಪೂರ್ಣಾಂಕಗಳಾಗಿದ್ದರೆ ಮೇಲಿನ ಮಿತಿಗಳನ್ನು 34, 49, 59, 84, 100 ಎಂದು ಬದಲಿಸಿ. ಅಂಕ B2ರಿಂದ B43ರವರೆಗೆ, ಬಿನ್ E2ರಿಂದ E6ರವರೆಗೆ ಇದ್ದರೆ:

```
=FREQUENCY(B2:B43,E2:E6)
```

ಈಗ 6, 11, 7, 13, 3 ಬರುತ್ತದೆ, ಕೊನೆಗೆ ಒಂದು 0. ಬಿನ್ ಐದು, ಉತ್ತರ ಆರು ಏಕೆಂದರೆ ಕೊನೆಯದು 100ನ್ನೂ ಮೀರಿದವರ ಎಣಿಕೆ. ಆ ಸಾಲನ್ನು ಅಳಿಸಬೇಡಿ. ಅಲ್ಲಿ 0 ಬಿಟ್ಟು ಬೇರೇನಾದರೂ ಕಂಡರೆ ಯಾರದೋ 35 ಅವಸರದಲ್ಲಿ 355 ಆಗಿದೆ ಎಂದರ್ಥ. ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯದಾದರೆ ಮೊದಲು ಆರೂ ಕೋಶಗಳನ್ನು ಆಯ್ದುಕೊಂಡು, ಸೂತ್ರ ಬರೆದು, Ctrl+Shift+Enter ಒತ್ತಬೇಕು. ಬರೀ Enter ಒತ್ತಿ ಕೆಳಗೆ ಎಳೆದರೆ ಪ್ರತಿ ಸಾಲೂ ಹಿಂದಿನವರನ್ನು ಸೇರಿಸಿಕೊಂಡು ಎಣಿಸುತ್ತದೆ, ಮೊತ್ತ 40 ದಾಟುತ್ತದೆ.

ಗೈರಾದ ಇಬ್ಬರಿಗೆ ನೀವು AB ಎಂದು ಬರೆದಿರುವುದು ಒಳ್ಳೆಯದೇ ಆಯಿತು. ಅಕ್ಷರ ಮತ್ತು ಖಾಲಿ ಕೋಶಗಳನ್ನು ಈ ಸೂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 0 ಎಂದು ಹಾಕಿದ್ದರೆ ಫೇಲಾದವರು ಎಂಟಾಗುತ್ತಿದ್ದರು. ಆದರೆ ಬೇರೆ ತಂತ್ರಾಂಶದಿಂದ ಅಂಕ ನಕಲಿಸಿ ಅಂಟಿಸಿದಾಗ ಕೆಲವು ಸಂಖ್ಯೆಗಳೂ ಅಕ್ಷರವಾಗಿ ಕೂತಿರುತ್ತವೆ, ಅವೂ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಒಂದು ಖಾಲಿ ಕೋಶದಲ್ಲಿ `=COUNT(B2:B43)` ಹಾಕಿ ನೋಡಿ. ಪರೀಕ್ಷೆ ಬರೆದವರ ಸಂಖ್ಯೆ, ಅಂದರೆ 40 ಬರಬೇಕು.

ಅರ್ಧ ಅಂಕ ಕೊಡುವ ಪದ್ಧತಿ ಇದ್ದರೆ ಮಾತ್ರ 34ರ ಉಪಾಯ ಕೈಕೊಡುತ್ತದೆ, ಏಕೆಂದರೆ 34.5 ತೆಗೆದವರು ಪಾಸಾದವರ ಸಾಲಿಗೆ ಜಾರುತ್ತಾರೆ. ಆಗ ಕೆಳಗಿನ ಮಿತಿಗಳನ್ನು (0, 35, 50, 60, 85, ಕೊನೆಗೆ 101) D2ರಿಂದ D7ರವರೆಗೆ ಬರೆದು, ಈ ಸೂತ್ರವನ್ನು ಎರಡನೇ ಸಾಲಿನಲ್ಲಿ ಹಾಕಿ ಆರನೇ ಸಾಲಿನವರೆಗೆ ಎಳೆಯಿರಿ:

```
=COUNTIFS($B$2:$B$43,">="&D2,$B$2:$B$43,"<"&D3)
```

ಇದು ಪುಸ್ತಕದ ರೂಢಿಯಂತೆಯೇ ಎಣಿಸುತ್ತದೆ. ಕೊನೆಯ ಮಿತಿ 101 ಏಕೆಂದರೆ 100 ಎಂದಿಟ್ಟರೆ ನೂರಕ್ಕೆ ನೂರು ತೆಗೆದ ಮಗುವೇ ಪಟ್ಟಿಯಿಂದ ಹೊರಗೆ. ನನ್ನ ಮಟ್ಟಿಗೆ ಶಾಲೆಯ ಕೆಲಸಕ್ಕೆ ಇದೇ ವಾಸಿ.

ಇನ್ನು ಎರಡನೇ ಪ್ರಶ್ನೆ. ಇಲ್ಲ, ಹಾಗೆ ಹೇಳಲಾಗದು. ಹಿಸ್ಟೋಗ್ರಾಂನಲ್ಲಿ ಸಂಖ್ಯೆಯನ್ನು ಹೇಳಬೇಕಾದದ್ದು ಕಂಬದ ವಿಸ್ತೀರ್ಣ. ಎಲ್ಲ ವರ್ಗಾಂತರಗಳೂ ಒಂದೇ ಅಗಲವಿದ್ದಾಗ ಮಾತ್ರ ಎತ್ತರವನ್ನೇ ನೋಡಿ ಹೋಲಿಸಬಹುದು. ನಿಮ್ಮ 60–84ರ ಬಿನ್ 25 ಅಂಕಗಳಷ್ಟು ಅಗಲ, 50–59 ಬರೀ 10. ದೊಡ್ಡ ಬಲೆ ಬೀಸಿದರೆ ಹೆಚ್ಚು ಮೀನು ಬಿದ್ದೇ ಬೀಳುತ್ತದೆ. ಅಗಲದಿಂದ ಭಾಗಿಸಿ ನೋಡಿ: 60–84ರಲ್ಲಿ 13 ಮಕ್ಕಳನ್ನು 25ರಿಂದ ಭಾಗಿಸಿದರೆ ಒಂದು ಅಂಕಕ್ಕೆ 0.52, 50–59ರಲ್ಲಿ 7ನ್ನು 10ರಿಂದ ಭಾಗಿಸಿದರೆ 0.70, 35–49ರಲ್ಲಿ 11ನ್ನು 15ರಿಂದ ಭಾಗಿಸಿದರೆ ಸುಮಾರು 0.73. ನಿಮ್ಮ ತರಗತಿ ದಟ್ಟವಾಗಿರುವುದು 35ರಿಂದ 60ರ ನಡುವೆ. ದರ್ಜೆವಾರು ಎಣಿಕೆ ಬೇಕೆಂದರೆ ಕೋಷ್ಟಕವಾಗಿಯೇ ಕೊಡಿ, ಚಿತ್ರಕ್ಕೆ ಸಮ ಅಗಲದ ಬಿನ್ ಇಡಿ.

ಎಷ್ಟು ಅಗಲ? 40 ಮಕ್ಕಳಿಗೆ ಹತ್ತತ್ತು ಅಂಕದ ಬಿನ್ ಸಾಕು ಎಂದು ಸಾಮಾನ್ಯವಾಗಿ ಹೇಳಬಹುದು. ಆದರೆ 30–39 ಎಂದು ಕಟ್ಟಿದರೆ ಪಾಸಿನ ಗೆರೆ ಕಂಬದ ಮಧ್ಯೆ ಬಿದ್ದು ಫೇಲು ಪಾಸು ಎರಡೂ ಕಲಸಿಹೋಗುತ್ತವೆ. ಐದೈದರ ಬಿನ್ ಮಾಡಿದರೆ 35 ತಾನಾಗಿಯೇ ಗಡಿಯಾಗುತ್ತದೆ. ಹಾಗೆ ಮಾಡಿದಾಗ ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಕಂಡಿತು. 25–29ರಲ್ಲಿ 3, 30–34ರಲ್ಲಿ 1, 35–39ರಲ್ಲಿ 5, 40–44ರಲ್ಲಿ 3. ಗಡಿಯ ಕೆಳಗೆ ಹಳ್ಳ, ಗಡಿಯ ಮೇಲೆ ದಿಬ್ಬ. 32, 33, 34 ಒಬ್ಬರಿಗೂ ಇಲ್ಲ, 35 ಮಾತ್ರ ಮೂವರಿಗೆ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಇದು ಕಾಕತಾಳೀಯವೂ ಇರಬಹುದು. ಆದರೆ ಮೌಲ್ಯಮಾಪನದಲ್ಲಿ ಒಂದೆರಡು ಅಂಕ ಕೊಟ್ಟು ದಡ ಸೇರಿಸಿದಾಗಲೂ ಚಿತ್ರ ಹೀಗೆಯೇ ಬರುತ್ತದೆ. ಗ್ರೇಸ್ ಕೊಟ್ಟಿದ್ದರೆ ಕೊಡುವ ಮೊದಲಿನ ಅಂಕಗಳನ್ನೇ ಇಟ್ಟುಕೊಂಡು ಹಿಸ್ಟೋಗ್ರಾಂ ಮಾಡಿ. ಯಾವ ಮಕ್ಕಳಿಗೆ ವಿಶೇಷ ತರಗತಿ ಬೇಕು ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಚಿತ್ರ ಬಿಡಿಸುವಾಗ Insert ಮೆನುವಿನ ಸಿದ್ಧ Histogram (2016ರಿಂದ ಈಚಿನ ಎಕ್ಸೆಲ್‌ನಲ್ಲಿದೆ) ಒತ್ತಿದರೆ ಅದು ಪಟ್ಟಿಯ ಅತಿ ಕಡಿಮೆ ಅಂಕದಿಂದ, ನಿಮ್ಮಲ್ಲಿ 18ರಿಂದ, ಶುರುಮಾಡಿ ಅಗಲವನ್ನು ತಾನೇ ನಿರ್ಧರಿಸುತ್ತದೆ. ಗಡಿಗಳು ಎಲ್ಲೆಲ್ಲೋ ಬೀಳುತ್ತವೆ. ಅಡ್ಡ ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ Format Axis ತೆರೆದು Bin width 10, Underflow bin 34 ಎಂದು ಕೊಟ್ಟರೆ ಗಡಿ ಸರಿಹೋಗುತ್ತದೆ: ಮೊದಲ ಕಂಬ 34 ಮತ್ತು ಕೆಳಗಿನ 6 ಮಂದಿ, ಮುಂದೆ 35–44ರಲ್ಲಿ 8, 45–54ರಲ್ಲಿ 7, ಹೀಗೆ. ಆದರೆ ಆ ಮೊದಲ ಕಂಬ 35 ಅಂಕಗಳ ವ್ಯಾಪ್ತಿಯನ್ನು ಉಳಿದವುಗಳಷ್ಟೇ ಅಗಲದಲ್ಲಿ ತೋರಿಸುತ್ತದೆ, ಅದನ್ನು ಪಕ್ಕದವುಗಳ ಜೊತೆ ಹೋಲಿಸಬಾರದು. ಅಕ್ಷದ ಕೆಳಗೆ "(34, 44]" ಎಂಬ ಬರಹವೂ ಬರುತ್ತದೆ, ಪೋಷಕರಿಗೆ ಅದು ಅರ್ಥವಾಗುವುದು ಕಷ್ಟ.

ಹಾಗಾಗಿ ಸಭೆಗೆ ನಾನಾದರೆ COUNTIFSನಿಂದ ಐದೈದರ ಕೋಷ್ಟಕ ಮಾಡಿ, ಪಕ್ಕದ ಕಾಲಂನಲ್ಲಿ "35–39" ಎಂದು ಹೆಸರು ಬರೆದು, ಸಾಧಾರಣ Column ಚಾರ್ಟ್ ಹಾಕುತ್ತೇನೆ. ಹೆಸರು ಬರೆಯುವ ಮೊದಲು ಆ ಕಾಲಂ ಅನ್ನು Text ಮಾಡಿಕೊಳ್ಳಿ, ಇಲ್ಲದಿದ್ದರೆ "5-9" ಎಂಬುದನ್ನು ಎಕ್ಸೆಲ್ ತಾರೀಕು ಮಾಡಿಬಿಡುತ್ತದೆ. ಕಂಬದ ಮೇಲೆ ಬಲ ಕ್ಲಿಕ್, Format Data Series, Gap Width 0%. ಕಂಬಗಳು ಅಂಟಿಕೊಂಡ ಮೇಲೆ ತೆಳು ಬಿಳಿ ಅಂಚು ಕೊಟ್ಟು, 35ಕ್ಕಿಂತ ಕೆಳಗಿನವುಗಳಿಗೆ ಮಾತ್ರ ಬೇರೆ ಬಣ್ಣ ತುಂಬಿ.